ಎರೆಹೊಲದ ಹಗೇವು
(ಮೂರು ನಿಮಿಷದ ಸಂಶೋಧನಾ ಮಾತು)

ಎಲ್ಲರಿಗೂ ನಮಸ್ಕಾರ. ನಮ್ಮೂರು ಡೋಣಿ ನದಿಯ ದಂಡೆಯಲ್ಲಿದೆ, ವಿಜಯಪುರ ಜಿಲ್ಲೆ. ಊರಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಕಾಲಡಿಯಲ್ಲೇ ಚೀಲಗಟ್ಟಲೆ ಕಾಳು ಇದ್ದರೂ, ಕಲ್ಲು ಸರಿಸುವವರಿಲ್ಲದಿದ್ದರೆ ರೊಟ್ಟಿ ಇಲ್ಲ. ನಮ್ಮ ಎರೆಹೊಲದಲ್ಲಿ ರಂಜಕದ ಕಥೆಯೂ ಹೀಗೇ ಇದೆ.

ಬೇರು ಇಳಿಯಲು, ಕಾಳು ಕಟ್ಟಲು ಜೋಳಕ್ಕೆ ರಂಜಕ ಬೇಕು. ಅದಕ್ಕೇ ಅಪ್ಪ ಪ್ರತಿ ಹಿಂಗಾರಿಗೆ ಡಿಎಪಿ ಗೊಬ್ಬರದ ಚೀಲ ತರುತ್ತಾರೆ. ಆದರೆ ನಮ್ಮ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಪಿಎಚ್ ಸಾಮಾನ್ಯವಾಗಿ 8ರ ಮೇಲೆ. ಹಾಕಿದ ರಂಜಕದಲ್ಲಿ ಬಹಳಷ್ಟನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ನೀರಿನಲ್ಲಿ ಕರಗದ ಆ ರಂಜಕವನ್ನು ಬೇರು ಹೀರಲಾರದು. ವರ್ಷ ವರ್ಷ ಹಗೇವು ತುಂಬುತ್ತದೆ, ಬೆಳೆ ಮಾತ್ರ ಹಸಿದೇ ಇರುತ್ತದೆ. ಅಪ್ಪ ಹೆಂಟೆ ಒಡೆದು ನೋಡಿ, "ಎಷ್ಟ್ ಹಾಕಿದ್ರೂ ಈ ಭೂಮಿ ನುಂಗತೈತಿ ನೋಡವ್ವಾ" ಅನ್ನುತ್ತಾರೆ. ಅವರ ಮಾತು ಖರೇ. ನನ್ನ ಸಂಶೋಧನೆ ಶುರುವಾದದ್ದೇ ಅಲ್ಲಿಂದ.

ಕಲ್ಲು ಸರಿಸುವವರು ಆ ಹೆಂಟೆಯಲ್ಲೇ ಇದ್ದಾರೆ. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬದುಕಿರುತ್ತವೆ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ವಾ? ಆ ವಾಸನೆಯಲ್ಲೂ ಇವುಗಳ ಪಾಲಿದೆ. ಬ್ಯಾಸಿಲಸ್, ಸ್ಯೂಡೋಮೊನಾಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾ ಬೇರಿನ ಸುತ್ತ ಹುಳಿ ಬಿಡುತ್ತವೆ. ಆ ಹುಳಿಗೆ ಕ್ಯಾಲ್ಸಿಯಂ ಹಿಡಿತ ಸಡಿಲಿಸುತ್ತದೆ, ರಂಜಕ ಕರಗುತ್ತದೆ. ಬೇರು ಸುಮ್ನೆ ತಗೊಳ್ಳುವುದಿಲ್ಲ, ತನ್ನ ಸಕ್ಕರೆಯನ್ನು ಅವುಗಳಿಗೆ ಉಣಿಸುತ್ತದೆ.

ಇವುಗಳನ್ನು ಹುಡುಕುವ ಬಗೆ ನನಗೆ ತುಂಬಾ ಇಷ್ಟ. ಜೋಳದ ಬೇರಿಗೆ ಅಂಟಿದ ಮಣ್ಣನ್ನು ನೀರಿನಲ್ಲಿ ಕದಡಿ, ಮತ್ತೆ ಮತ್ತೆ ತೆಳುವಾಗಿಸಿ, ಗಾಜಿನ ತಟ್ಟೆಯ ಮೇಲೆ ಹರಡುತ್ತೇನೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಪಿಕೋವ್‌ಸ್ಕಾಯಾ ಅಗರ್ ಇದೆ. ಅದರೊಳಗೆ ಕರಗದ ಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಕ್ಯಾಲ್ಸಿಯಂ ಹಿಡಿದ ರಂಜಕ ಇರುವುದರಿಂದ ಮಜ್ಜಿಗೆಯಂತೆ ಬೆಳ್ಳಗೆ ಕಾಣುತ್ತದೆ. 30 ಡಿಗ್ರಿ ಶಾಖದಲ್ಲಿ ಇಟ್ಟು ಕಾಯಬೇಕು. ಮೊದಲ ಸಲ ಐದನೇ ದಿನ ಬೆಳಿಗ್ಗೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬ್ಯಾಕ್ಟೀರಿಯಾ ಬೆಳೆದ ಹೆಚ್ಚಿನ ಚುಕ್ಕೆಗಳ ಸುತ್ತ ಏನೂ ಇರಲಿಲ್ಲ. ಸಾಸಿವೆ ಕಾಳಿನಷ್ಟಿದ್ದ ಒಂದರ ಸುತ್ತ ಮಾತ್ರ ತಿಳಿಯಾದ ಬಳೆ ಮೂಡಿತ್ತು. ಬಳೆಯೊಳಗಿಂದ ನನ್ನ ಬೆರಳು ಕಾಣುತ್ತಿತ್ತು. ಅಷ್ಟು ಜಾಗದ ಫಾಸ್ಫೇಟ್ ಕರಗಿತ್ತು.

ಇಂಥ ಬ್ಯಾಕ್ಟೀರಿಯಾ ಪಾಕೀಟಿನಲ್ಲಿ ಅಂಗಡಿಯಲ್ಲೂ ಸಿಗುತ್ತವೆ, ಪಿಎಸ್‌ಬಿ ಅನ್ನುತ್ತಾರೆ. ಆದರೆ ಅವು ಜೀವಗಳು. ಬಿಸಿಲಲ್ಲಿ ಇಟ್ಟರೆ ಪಾಕೀಟಿನೊಳಗೇ ಸಾಯುತ್ತವೆ. ಬದುಕಿ ಹೊಲಕ್ಕೆ ಬಂದರೂ, ಅಲ್ಲಿ ಮೊದಲೇ ನೆಲೆಸಿದವುಗಳ ಜೊತೆ ಸೆಣಸಬೇಕು. ಹಿಂಗಾರಿ ಜೋಳ ಬೆಳೆಯುವುದೇ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ. ಹಸಿ ಆರಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಒಣನೆಲದಲ್ಲಿ ಬಾಳಿ ಗೊತ್ತಿರುವವು ನಮ್ಮ ಹೊಲದವೇ ಅಲ್ವಾ? ಅದಕ್ಕೇ ನಾನು ಹೊರಗಿನಿಂದ ತರುವುದಿಲ್ಲ, ಇಲ್ಲಿಯವನ್ನೇ ಹುಡುಕುತ್ತೇನೆ.

ತಟ್ಟೆಯಲ್ಲಿ ಬಳೆ ಬಿಟ್ಟದ್ದೆಲ್ಲ ಹೊಲದಲ್ಲಿ ಕೆಲಸ ಮಾಡುತ್ತದೆ ಅಂತಿಲ್ಲ. ಸುಣ್ಣದ ಮಣ್ಣು ಹುಳಿಯನ್ನು ಬೇಗ ಸಪ್ಪೆ ಮಾಡಿಬಿಡುತ್ತದೆ. ಹಾಗಾಗಿ ಈಗ ಕುಂಡದ ಪರೀಕ್ಷೆ ನಡೆದಿದೆ. ನಮ್ಮ ಹೊಲದ ಮಣ್ಣು, ಮಾಲದಂಡಿ ಜೋಳ. ಒಂದು ಸಾಲಿನ ಬೀಜಕ್ಕೆ ಬ್ಯಾಕ್ಟೀರಿಯಾ ಲೇಪಿಸಿದ್ದೇನೆ, ಇನ್ನೊಂದಕ್ಕಿಲ್ಲ. ಎಲೆಯಲ್ಲಿರುವ ರಂಜಕವನ್ನು ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಗೆದ್ದ ಬ್ಯಾಕ್ಟೀರಿಯಾವನ್ನು ಮುಂದಿನ ಹಿಂಗಾರಿಗೆ ಅಪ್ಪನ ಬೀಜಕ್ಕೆ ಹಚ್ಚಿ ಅದೇ ಹೊಲದಲ್ಲಿ ಬಿತ್ತುತ್ತೇವೆ. ಒಂದು ಪಟ್ಟಿಗೆ ಅರ್ಧವೇ ಡಿಎಪಿ, ಅಪ್ಪ ಒಪ್ಪಿದ್ದಾರೆ.