ಅಜ್ಜಿಯ ಮೊರದಲ್ಲಿ ಅಂಬಾ ಮ್ಯಾಂವ್

ಡಿಂಬಲ ಡುಂಬಲ ಡೊಂಯ್ ಡೊಂಯ್ ಡೊಂಯ್,
ಗಾಳಿಯು ಬಂದಿತು ಸುಂಯ್ ಸುಂಯ್ ಸುಂಯ್.
ಕೊಟ್ಟಿಗೆ ಬಾಗಿಲು ಕಿರ್ರ್ ಕಿರ್ರ್ ಕಿರ್ರ್,
ತೆಂಗಿನ ಸೋಗೆಯು ಸರ್ರ್ ಸರ್ರ್ ಸರ್ರ್.

ಎಲ್ಲರ ಸದ್ದನು ಕದ್ದಿತು ಗಾಳಿ,
ಕಲಸಿತು ಕುಲುಕಿತು ಗಿರಗಿರ ಗಾಳಿ,
ಯಾರದು ಯಾರಿಗೆ ನೋಡದೆ ಗಾಳಿ
ಹಂಚಿತು ಸುಮ್ಮನೆ ರಾತ್ರಿಯ ಗಾಳಿ.

ಕೊಟ್ಟಿಗೆ ಗೌರಿಯು ಬಾಯ್ತೆರೆದಾಗ
ಅಂಬಾ ಎಲ್ಲಿ? ಮ್ಯಾಂವ್ ಮ್ಯಾಂವ್ ಈಗ!
ಕರುವೋ ಕೇಳಿತು: "ಎಲ್ಲಿದೆ ಮೀಸೆ?
ಇಲಿಯನು ತಿನ್ನಲು ಬಂದಿತೆ ಆಸೆ?"

ಒಲೆಬದಿ ಬೆಕ್ಕು ಮೈಮುರಿದಾಗ
ಕೊಕ್ಕೊಕ್ಕೋಕೋ! ಬೆಳಗೇ ಈಗ?
ಚಂದಿರ ಬೆಚ್ಚಿದ, ಮೋಡವ ಹೊದ್ದ,
ದಡಬಡ ದಡಬಡ ಬೆಟ್ಟಕೆ ಬಿದ್ದ.

ಬುಟ್ಟಿಯ ಮೇಲಿನ ಹುಂಜನು ಕೂಡ
ವಟವಟ ವಟರೋ ಎಂದನು ನೋಡ!
ಮೊಟ್ಟೆಗಳೆಲ್ಲಾ ಕಿವಿ ಮುಚ್ಚಿದವು.
(ಮೊಟ್ಟೆಗೆ ಕಿವಿಯೇ? ಇಂದಿಗೆ ಇದ್ದವು.)

ಬಾವಿಯ ಕಟ್ಟೆಯ ಕಪ್ಪೇರಾಯ
ಅಂಬಾ ಎಂದ, ಉಬ್ಬಿತು ಕಾಯ.
ಅಂಂಂಬಾ! ಅಂಂಂಬಾ! ಇನ್ನೂ ದಪ್ಪ,
"ಹಾಲನು ಕರೆಯಿರಿ" ಎನ್ನುವನಪ್ಪ!

ಗೋಡೆಯ ಹಲ್ಲಿಗೆ ಸಿಕ್ಕಿತು ಬೌ ಬೌ,
ಬಾಲವ ನೋಡಿ ಬೊಗಳಿತು ಬೌ ಬೌ.
ಬಾಗಿಲ ನಾಯಿಗೆ ಲೊಚಲೊಚ ಲೊಚ್ಚು,
ನಾಯಿಗೆ ನಾಚಿಕೆ ಎಷ್ಟೋ ಹೆಚ್ಚು.

ಅಟ್ಟದ ಇಲಿಯು ಎಂದಿತು ಘೀಂ ಘೀಂ,
ಕಾಡಿನ ಆನೆಗೆ ಬಂದಿತು ಚೀಂ ಚೀಂ.
ಇಲಿಮರಿ ಬೀಗಿ ತುಂಬಿತು ಅಟ್ಟ,
ಆನೆಯು ನಾಚಿ ಹತ್ತಿತು ಬೆಟ್ಟ.

ಮ್ಯಾಂವ್‌ಬಾ! ಕೊಕ್‌ವಟ! ಘೀಂಲೊಚ! ಮ್ಯಾಕೋ!
ವಟಬೌ! ಚೀಂಬಾ! ಸಾಕೋ ಸಾಕೋ!
ಡಿಂಬಲ ಡುಂಬಲ, ನಿದ್ದೆಯು ಇಲ್ಲ,
ಪುಟ್ಟಿಯು ಎದ್ದಳು, ಎದ್ದರು ಎಲ್ಲ.

ಅಜ್ಜಿಯು ಬಂದಳು ಮೊರವನು ಹಿಡಿದು,
ಸೆರಗನು ಸೊಂಟಕೆ ಸರ್ರನೆ ಬಿಗಿದು.
ಅಂಗಳದೊಳಗಿನ ಸದ್ದನು ಬಾಚಿ
ಮೊರದಲಿ ಸುರಿದಳು ಕೈಗಳ ಚಾಚಿ.

ತಟಪಟ ತಟಪಟ ಕೇರಿದಳಜ್ಜಿ,
ಹೊಟ್ಟದು ಹಾರಿತು ಹುಜ್ಜೀ ಹುಜ್ಜಿ.
ತಟಪಟ ತಟಪಟ ಸದ್ದಿನ ಕಾಳು,
"ಪುಟ್ಟೀ, ಯಾರದು ಯಾವುದು? ಹೇಳು."

ಅಂಬಾ ಸಿಕ್ಕಿತು ಗುಂಡನೆ ಗುಂಡು,
ಗೌರಿಯು ನುಂಗಿತು ಹುಲ್ಲಲಿ ಕಂಡು.
ಅಂಬಾ... ಅಂಬಾ... ಗಾಳಿಯು ತಂಪು,
ಗೌರಿಗೆ ಬಂದಿತು ನಿದ್ದೆಯ ಜೊಂಪು.

ಮೆತ್ತನೆ ಮ್ಯಾಂವ್ ಅದು ಹತ್ತಿಯ ಹಾಗೆ
ಬೆಕ್ಕಿನ ಬಾಯಿಗೆ ಜಾರಿತು ಹೀಗೆ:
ಮ್ಯಾಂವ್... ಮಿಯಂವ್... ಮಿ... ಪುರುಪುರು ಪುರ್ರು,
ಒಲೆಬದಿ ಮತ್ತೆ ಗುರುಗುರು ಗುರ್ರು.

ತಾನೇ ಹಾರಿತು ವಟವಟ ವಟರು,
ಬಾವಿಗೆ ಬಿದ್ದಿತು ಪುಳಕ್ ಪುಟರು.
ಕಪ್ಪೇರಾಯನು ನುಂಗಿದ ಗುಳುಕು,
ಇನ್ನೇನಿಲ್ಲ, ನೀರಿನ ಕುಲುಕು.

ಘೀಂ ಘೀಂ ಸದ್ದು, ಅಬ್ಬಾ ಭಾರ!
ಉರುಳಿಸಿ ಉರುಳಿಸಿ ಊರಿಗೆ ದೂರ.
ಬೆಟ್ಟದ ಆನೆಗೆ ಮುಟ್ಟಿತು ಘೀಂ ಘೀಂ,
ಅಟ್ಟದ ಮೂಲೆಗೆ ಮರಳಿತು ಚೀಂ ಚೀಂ.

ಬೌ ಬೌ ನಾಯಿಗೆ, ಲೊಚಲೊಚ ಹಲ್ಲಿಗೆ,
ಯಾರದು ಎಲ್ಲಿಗೆ? ಅವರದೆ ಅಲ್ಲಿಗೆ.

ಕೊಕ್ಕೊಕ್ಕೋಕೋ ಬಂದಿತು ಕಚ್ಚಿ,
ಅಜ್ಜಿಯು ಇಟ್ಟಳು ಬುಟ್ಟಿಯ ಮುಚ್ಚಿ.
"ಹುಂಜಾ, ನಿನ್ನದು, ಈಗಲೆ ಅಲ್ಲ,
ಬೆಳಗಿನವರೆಗೂ ಬಿಚ್ಚುವುದಿಲ್ಲ."

ಬೆಟ್ಟದ ಹಿಂದಿನ ಚಂದಿರ ಬಂದ,
"ಬೆಳಗಾಯಿತೆ?" ಎಂದ. "ಇಲ್ಲವೊ ಕಂದ."

ಬೇಲಿಯ ಮರೆಯಲಿ ನಿಂತಿತು ಗಾಳಿ,
ಏನೂ ಮಾಡದ ಮೊಗವನು ತಾಳಿ.
"ಸುಂಯ್ ಸುಂಯ್ ಸಾಕು, ಸೋಗೆಗೆ ಹೋಗು,
ಜೋಜೋ ಎನ್ನುತ ಮೆಲ್ಲಗೆ ತೂಗು."

ಮೊರದಲಿ ಉಳಿಯಿತು ಒಂದೇ ಸದ್ದು,
ಮೂಲೆಯಲಿತ್ತು ಕಂಬಳಿ ಹೊದ್ದು.
ಗೊರ್ರ್... ಪುಸ್... ಗೊರ್ರ್... ಪುಸ್...
ಯಾರದು, ಯಾರದು, ಗೊರ್ರ್... ಪುಸ್?

ಆನೆಯದಲ್ಲ, ಇರುವೆಯದಲ್ಲ,
ಚಂದಿರನದ್ದೇ? ಅವನದು ಅಲ್ಲ.
ಮೀನಿನದಲ್ಲ, ಮಿಂಚುಳ್ಳಿಯದಲ್ಲ,
ಕೇಳಿದರೆಲ್ಲಾ "ನಮ್ಮದು ಅಲ್ಲ."

ಟಪ್ಪನೆ ಮುರಿದಳು ಅಜ್ಜಿಯು ಅದನು,
ಪುಟ್ಟಿಯ ಕೈಯಲಿ ಇಟ್ಟಳು ಒಂದನು.
"ಪುಸ್ಸದು ಪುಟ್ಟಿಗೆ, ಗೊರ್ರದು ನನಗೆ,
ಬಾ ಬಾ ಪುಟ್ಟೀ, ಕೌದಿಯ ಒಳಗೆ."

ಅಜ್ಜಿಯು: ಗೊರ್ರ್...
ಪುಟ್ಟಿಯು: ಪುಸ್...
ಅಜ್ಜಿಯು: ಗೊರ್ರ್...
ಪುಟ್ಟಿಯು: ಪುಸ್...
ಬುಟ್ಟಿಯ ಒಳಗಡೆ: ಕೊಕ್... ಕೊಕ್ಕೊ...
"ಈಗಲೆ ಅಲ್ಲವೊ ಹುಂಜಾ, ಮಲಕ್ಕೋ!"
ಗೊರ್ರ್...
ಪುಸ್...