ಬೆಳಗಾವಿ ಆಫರ್, ಪುಣೆ ಆಫರ್: ಎರಡೂ ಒಂದೇ ಹಾಳೆಯಲ್ಲಿ

ತಮ್ಮಾ, ನೀನು ಕಳಿಸಿದ ಎರಡೂ ಪತ್ರ ಓದಿದೆ. "ಅಕ್ಕಾ, ಪುಣೆಯದ್ದು 2.8 ಲಕ್ಷ ಜಾಸ್ತಿ ಐತಿ, ಇನ್ನೇನು ನೋಡೋದು?" ಅಂತ ಮೆಸೇಜ್ ಹಾಕಿದ್ದೆ ಅಲ್ವಾ. ದಿನಾ ನೂರಾರು ಜನರ ಪಗಾರ ಪಟ್ಟಿ ಮಾಡುವವಳು ನಾನು. ಸಿಟಿಸಿ ಅನ್ನುವುದು ಕಂಪನಿಗೆ ತಗಲುವ ಖರ್ಚು. ಅದೇ ನಿನ್ನ ಪಗಾರ ಅಲ್ಲ. ಅದಕ್ಕೇ ಎರಡನ್ನೂ ಬಿಡಿಸಿ ಈ ಹಾಳೆಯಲ್ಲಿ ಹಾಕಿದ್ದೇನೆ. B ಕಾಲಂ ಬೆಳಗಾವಿ, C ಕಾಲಂ ಪುಣೆ. ಎಲ್ಲ ರೂಪಾಯಿಯಲ್ಲಿ.

| ಸಾಲು | ವಿವರ | ಬೆಳಗಾವಿ | ಪುಣೆ |
|---|---|---|---|
| 2 | ಪತ್ರದಲ್ಲಿರುವ ಸಿಟಿಸಿ, ವರ್ಷಕ್ಕೆ | 8,42,533 | 11,21,802 |
| 3 | ಫಿಕ್ಸೆಡ್, ತಿಂಗಳಿಗೆ | 62,000 | 70,000 |
| 4 | ಅದರಲ್ಲಿ ಬೇಸಿಕ್ | 31,000 | 35,000 |
| 5 | ನಿನ್ನ ಪಗಾರದಿಂದ ಪಿಎಫ್ | 3,720 | 1,800 |
| 6 | ವೃತ್ತಿ ತೆರಿಗೆ | 200 | 200 |
| 7 | ಕಂಪನಿ ಬಸ್ಸಿಗೆ ಕಡಿತ | 0 | 1,500 |
| 8 | ತಿಂಗಳಿಗೆ ಕೈಗೆ ಬರುವುದು | 58,080 | 66,500 |
| 9 | ಖೋಲಿ, ಊಟ, ಪೆಟ್ರೋಲ್, ಊರಿಗೆ ಓಡಾಟ | 11,500 | 20,200 |
| 10 | ತಿಂಗಳಿಗೆ ಉಳಿಯುವುದು | 46,580 | 46,300 |
| 11 | ಪಿಎಫ್ ಎರಡೂ ಪಾಲು, ವರ್ಷಕ್ಕೆ | 89,280 | 43,200 |
| 12 | ವೇರಿಯೆಬಲ್, ಪತ್ರದ ಪ್ರಕಾರ | 36,000 | 1,26,000 |
| 13 | ಅದರಲ್ಲಿ ನಾನು ಹಿಡಿದದ್ದು | 80% | 50% |
| 14 | ವೇರಿಯೆಬಲ್, ಲೆಕ್ಕಕ್ಕೆ | 28,800 | 63,000 |
| 15 | ಅಪ್ಪ, ಅವ್ವನ ವಿಮೆಗೆ ನೀನು ಕಟ್ಟುವುದು | 0 | 24,000 |
| 16 | ಜಾಯಿನಿಂಗ್ ಬೋನಸ್ | 0 | 1,00,000 |
| 17 | ನೋಟಿಸ್ ಕಡಿತ, ಸಾಮಾನು ಸಾಗಣೆ | 0 | 57,000 |
| 18 | ಮೊದಲ ವರ್ಷ ಒಟ್ಟು | 6,77,040 | 6,80,800 |
| 19 | ಎರಡನೇ ವರ್ಷ ಒಟ್ಟು | 6,77,040 | 6,37,800 |

ಕೊನೆಯ ಎರಡು ಸಾಲಿನ ಫಾರ್ಮುಲಾ ಪುಣೆ ಕಾಲಂನಲ್ಲಿ ಹೀಗಿದೆ. ಬೆಳಗಾವಿಗೆ C ಬದಲು B.

```
C18: =C19+C16-C17
C19: =C10*12+C11+C14-C15
```

9, 13, 15 ಮತ್ತು 17ನೇ ಸಾಲುಗಳಿಗೆ ಹಳದಿ ಬಣ್ಣ ಹಾಕಿದ್ದೇನೆ. ಅವು ಬರೀ ಅಂದಾಜು, ನಿನಗೆ ಸರಿ ಕಾಣದಿದ್ದರೆ ನೀನೇ ತಿದ್ದು. ಉಳಿದವು ಪತ್ರದಿಂದ ತೆಗೆದದ್ದು ಇಲ್ಲವೇ ಅದರಿಂದ ಲೆಕ್ಕ ಹಾಕಿದ್ದು, ಅವನ್ನು ಮುಟ್ಟಬೇಡ. ಇನ್‌ಕ್ರಿಮೆಂಟ್ ಎಷ್ಟು ಅಂತ ಎರಡೂ ಕಡೆ ಬರೆದಿಲ್ಲ, ಹಾಗಾಗಿ ಹಿಡಿದಿಲ್ಲ.

ಆ 2.8 ಲಕ್ಷ ಎಲ್ಲಿಂದ ಬಂತು

ಸರಿಯಾಗಿ ಹೇಳಬೇಕೆಂದರೆ 2,79,269. ಅದರಲ್ಲಿ 1 ಲಕ್ಷ ಜಾಯಿನಿಂಗ್ ಬೋನಸ್. ಒಂದೇ ಸಲ ಬರುವ ದುಡ್ಡನ್ನು ವರ್ಷದ ಸಿಟಿಸಿಯಲ್ಲಿ ಕೂಡಿಸಿಟ್ಟಿದ್ದಾರೆ! ವೇರಿಯೆಬಲ್ ವ್ಯತ್ಯಾಸ 90,000. ನಿನ್ನ ವಿಮೆಯ ಪ್ರೀಮಿಯಂ 14,000 ಕೂಡ ಸಿಟಿಸಿಯೊಳಗೇ ಇದೆ. ಬೆಳಗಾವಿಯವರೂ ವಿಮೆ ಕೊಡುತ್ತಾರೆ, ಆದರೆ ಅದನ್ನು ನಿನ್ನ ಲೆಕ್ಕಕ್ಕೆ ಬರೆದಿಲ್ಲ. ಪ್ರತಿ ತಿಂಗಳು ಖಾತ್ರಿಯಾಗಿ ಬರುವ ಫಿಕ್ಸೆಡ್‌ನಲ್ಲಿ ವ್ಯತ್ಯಾಸ ಎಷ್ಟು ಗೊತ್ತಾ? ವರ್ಷಕ್ಕೆ 96,000, ಅಂದರೆ ತಿಂಗಳಿಗೆ 8,000.

8,000 ಎಲ್ಲಿ ಹೋಗುತ್ತದೆ

9ನೇ ಸಾಲು ನೋಡು. ಈಗ ಬೆಳಗಾವಿಯಲ್ಲಿ ಗೆಳೆಯರ ಜೊತೆ ಇದ್ದೀಯ. ಖೋಲಿಯಲ್ಲಿ ನಿನ್ನ ಪಾಲು 4,500, ಖಾನಾವಳಿ 4,000, ಪೆಟ್ರೋಲ್ 2,000, ಗೋಕಾಕಕ್ಕೆ ಹೋಗಿಬರಲು 1,000. ಹೊಸ ಕಂಪನಿಯೂ ಉದ್ಯಮಬಾಗಲ್ಲೇ ಇರುವುದರಿಂದ ಇದರಲ್ಲಿ ಏನೂ ಬದಲಾಗುವುದಿಲ್ಲ. ಪುಣೆಯ ಚಾಕಣ ಕಡೆಯದ್ದನ್ನು ನಿನ್ನ ಗೆಳೆಯನನ್ನೇ ಕೇಳಿ ಬರೆದಿದ್ದೇನೆ: ಖೋಲಿ ಪಾಲು 9,500, ಊಟ 6,000, ಪೆಟ್ರೋಲ್ 1,500, ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗಲು 3,200. ಸಂಕೇಶ್ವರದಲ್ಲಿ ಇಳಿದು ಗೋಕಾಕ ಬಸ್ ಹಿಡಿಯುವ ಲೆಕ್ಕ ಇದು. ದೀಪಾವಳಿ ಹೊತ್ತಿಗೆ ಖಾಸಗಿ ಬಸ್ಸಿನವರು ಕೇಳುವ ರೇಟ್ ಇದರಲ್ಲಿ ಸೇರಿಲ್ಲ.

ಎಲ್ಲ ಕಳೆದರೆ ತಿಂಗಳ ಕೊನೆಗೆ ಬೆಳಗಾವಿಯಲ್ಲೇ 280 ರೂಪಾಯಿ ಜಾಸ್ತಿ ಉಳಿಯುತ್ತದೆ. ನಾನೂ ನಂಬಲಿಲ್ಲ, ಎರಡು ಸಲ ಕೂಡಿಸಿದೆ.

ಪಿಎಫ್

ಇಲ್ಲಿ ನೀನು ಎಡವಿದ್ದೀಯ. "ಬೆಳಗಾವಿಯವರು ಜಾಸ್ತಿ ಕಟ್ ಮಾಡ್ತಾರೆ" ಅಂದೆ. ಹೌದು, ಅವರು ಪೂರ್ತಿ ಬೇಸಿಕ್ ಮೇಲೆ 12% ಹಿಡಿಯುತ್ತಾರೆ. 31,000ಕ್ಕೆ 3,720. ಆದರೆ ಅಷ್ಟೇ ದುಡ್ಡನ್ನು ಕಂಪನಿಯೂ ಹಾಕುತ್ತದೆ. ಪುಣೆಯವರು 15,000ದ ಮಿತಿಯ ಮೇಲಷ್ಟೇ ಲೆಕ್ಕ ಹಾಕುತ್ತಾರೆ. ನಿನ್ನದು 1,800, ಅವರದು 1,800. ಅದು ತಪ್ಪೇನಲ್ಲ, ಕಾನೂನಿನಲ್ಲಿ ಅವಕಾಶ ಇದೆ. ಎರಡೂ ಕಡೆ ಕಂಪನಿ ಪಾಲಿನಲ್ಲಿ 1,250 ಪಿಂಚಣಿ ಯೋಜನೆಗೆ ಹೋಗುತ್ತದೆ. ಅದನ್ನು ಬಿಟ್ಟರೆ ನಿನ್ನ ಪಿಎಫ್ ಖಾತೆಗೆ ಬೆಳಗಾವಿಯಲ್ಲಿ ತಿಂಗಳಿಗೆ 6,190, ಪುಣೆಯಲ್ಲಿ 2,350. 2024-25ಕ್ಕೆ ಪಿಎಫ್ ಬಡ್ಡಿ 8.25% ಕೊಟ್ಟಿದ್ದಾರೆ. ಈಗ ಕೈಗೆ ಸಿಗದ ದುಡ್ಡು, ಒಪ್ಪುತ್ತೇನೆ. ಆದರೆ ದುಡ್ಡು ನಿನ್ನದೇ.

ಗ್ರಾಚ್ಯುಟಿಯನ್ನು ಎರಡೂ ಕಡೆ ಸೊನ್ನೆ ಹಿಡಿದಿದ್ದೇನೆ. ಸಿಟಿಸಿಯಲ್ಲಿ ಬೇಸಿಕ್‌ನ 4.81% ಅಂತ ತೋರಿಸಿದ್ದಾರೆ, ಆದರೆ ನಿನ್ನಂಥ ಕಾಯಂ ನೌಕರನಿಗೆ ಅದು ಸಿಗುವುದು 5 ವರ್ಷ ಆದಮೇಲೆ. ನೀನು 5 ವರ್ಷ ಒಂದೇ ಕಡೆ ಇರುತ್ತೀಯಾ? ನನಗಂತೂ ನಂಬಿಕೆ ಇಲ್ಲ.

ಆದಾಯ ತೆರಿಗೆ ಸಾಲು ಯಾಕಿಲ್ಲ ಅಂತ ಕೇಳಬೇಡ. ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಜಾಯಿನಿಂಗ್ ಬೋನಸ್ ಕೂಡ ಪಗಾರವೇ, ಅದಕ್ಕೂ ತೆರಿಗೆ ಲೆಕ್ಕ ಇದೆ. ಆದರೆ ಅದನ್ನೂ ವೇರಿಯೆಬಲ್ಲನ್ನೂ ಪೂರ್ತಿ ಕೂಡಿಸಿದರೂ ಪುಣೆಯದ್ದು 10.66 ಲಕ್ಷ ದಾಟುವುದಿಲ್ಲ. ವೃತ್ತಿ ತೆರಿಗೆ ಫೆಬ್ರುವರಿಯಲ್ಲಿ ಎರಡೂ ರಾಜ್ಯದಲ್ಲಿ 300 ಆಗುತ್ತದೆ, ಆ ನೂರು ರೂಪಾಯಿ ಬಿಟ್ಟಿದ್ದೇನೆ.

ವೇರಿಯೆಬಲ್: ಇಲ್ಲೇ ಇರುವುದು ಎಲ್ಲ

ಬೆಳಗಾವಿಯವರದು ಸಣ್ಣದು, 36,000. ಆರು ತಿಂಗಳಿಗೊಮ್ಮೆ, ನಿಮ್ಮ ವಿಭಾಗದ ರಿಜೆಕ್ಷನ್ ಎಷ್ಟಿದೆ ಅನ್ನುವುದರ ಮೇಲೆ. ಅಲ್ಲೇ ಕೆಲಸ ಮಾಡುವ ನಮ್ಮ ಕಾಕಾನ ಮಗ "ಪೂರ್ತಿ ಬರೋದಿಲ್ಲ, ಆದ್ರ ತಪ್ಪೂದೂ ಇಲ್ಲ" ಅಂದ. 80% ಹಿಡಿದೆ.

ಪುಣೆಯದು 1,26,000. ಪತ್ರದ ನಾಲ್ಕನೇ ಪುಟ ಓದಿದ್ದೀಯಾ? ಅರ್ಧ ಕಂಪನಿಯ ಲಾಭದ ಮೇಲೆ, ಅರ್ಧ ನಿನ್ನ ರೇಟಿಂಗ್ ಮೇಲೆ. ವರ್ಷಕ್ಕೊಮ್ಮೆ ಜೂನ್‌ನಲ್ಲಿ. ಕೊಡುವ ದಿನ ನೀನು ಕೆಲಸದಲ್ಲಿರಬೇಕು, ರಾಜೀನಾಮೆ ಕೊಟ್ಟಿರಬಾರದು. "ಕಂಪನಿ ತನ್ನ ವಿವೇಚನೆಯಂತೆ ಬದಲಿಸಬಹುದು" ಅಂತ ಕೊನೆಗೊಂದು ಸಾಲು ಬೇರೆ. ಎಚ್‌ಆರ್ ಮೇಡಂ ಫೋನ್‌ನಲ್ಲಿ ಹೋದ ವರ್ಷ ಸ್ವಲ್ಪ ಕಡಿಮೆ ಆಗಿತ್ತು ಅಂದರು ಅಂತ ನೀನೇ ಹೇಳಿದೆ. ಸ್ವಲ್ಪ ಅಂದರೆ ಎಷ್ಟು? ಹೇಳದೇ ಇದ್ದಿದ್ದಕ್ಕೆ ಅರ್ಧ ಹಿಡಿದೆ.

ನನ್ನ ಮೊದಲ ಕೆಲಸದ ಕಥೆ ನಿನಗೆ ಗೊತ್ತಿಲ್ಲ, ಮನೆಯಲ್ಲಿ ಹೇಳಿರಲಿಲ್ಲ. ಮಾರ್ಚ್ ಮುಗಿಯುವವರೆಗೂ ದುಡಿದು ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟೆ. ವರ್ಷ ಪೂರ್ತಿ ಆಗಿದೆ, 38,000 ಬಂದೇ ಬರುತ್ತದೆ ಅಂತ ಸುಮ್ನೆ ಇದ್ದೆ. ಜೂನ್‌ನಲ್ಲಿ ಕೇಳಿದರೆ ಇದೇ ಸಾಲು ತೋರಿಸಿದರು. ನನ್ನ ಸಹಿ ಅದರ ಕೆಳಗೇ ಇತ್ತು. ಆ ದುಡ್ಡಿನಲ್ಲಿ ಅವ್ವನಿಗೆ ಬಿಲ್ವಾರ ಮಾಡಿಸಬೇಕು ಅಂದುಕೊಂಡಿದ್ದೆ.

13ನೇ ಸಾಲಿನಲ್ಲಿ ಪುಣೆಯ 50% ತೆಗೆದು ಬೇರೆ ಬೇರೆ ಅಂಕಿ ಹಾಕಿ ನೋಡು. ಎರಡನೇ ವರ್ಷ ಪುಣೆ ಬೆಳಗಾವಿಗೆ ಸರಿಸಮ ಆಗಬೇಕಾದರೆ ಸುಮಾರು 81% ಬರಬೇಕು. ಎರಡೂ ಕಡೆ ಪೂರ್ತಿ ನೂರಕ್ಕೆ ನೂರು ಬಂದರೆ ಪುಣೆ 16,560 ಮುಂದೆ. ಅಷ್ಟೇ.

ಜಾಯಿನಿಂಗ್ ಬೋನಸ್

ಈಗಿನ ಕಂಪನಿಯಲ್ಲಿ ನಿನ್ನ ನೋಟಿಸ್ 60 ದಿನ. ಪುಣೆಯವರು 30 ದಿನದಲ್ಲಿ ಬಾ ಅನ್ನುತ್ತಾರೆ. ಉಳಿದ 30 ದಿನದ ಪಗಾರ 45,000 ನೀನೇ ಕಟ್ಟಬೇಕು. ಸಾಮಾನು ಸಾಗಣೆಗೆ 12,000. ಲಕ್ಷದಲ್ಲಿ 43,000 ಉಳಿಯಿತು. ಖೋಲಿಯ ಡಿಪಾಸಿಟ್ ವಾಪಸ್ ಬರುತ್ತದೆ ಅಂತ ಹಿಡಿದಿಲ್ಲ, ಆದರೆ ಮೊದಲ ದಿನವೇ ಕೈಯಲ್ಲಿ ಬೇಕು. 18 ತಿಂಗಳೊಳಗೆ ಬಿಟ್ಟರೆ ಪೂರ್ತಿ 1 ಲಕ್ಷ ವಾಪಸ್, 17ನೇ ತಿಂಗಳಲ್ಲಿ ಬಿಟ್ಟರೂ. ತಿಂಗಳ ಲೆಕ್ಕದಲ್ಲಿ ಕಡಿಮೆ ಆಗುತ್ತಾ ಹೋಗುವುದಿಲ್ಲ. ಅಲ್ಲಿ ನೋಟಿಸ್ 90 ದಿನ, ಬೆಳಗಾವಿಯಲ್ಲಿ 60.

ವಿಮೆ

ಬೆಳಗಾವಿಯದು 3 ಲಕ್ಷ, ಅಪ್ಪ ಅವ್ವ ಸೇರಿ. ಪುಣೆಯದು 5 ಲಕ್ಷ, ನಿನಗೆ ಮಾತ್ರ. ಅಪ್ಪ ಅವ್ವನನ್ನು ಕಂಪನಿಯ ಗ್ರೂಪ್ ಪಾಲಿಸಿಗೇ ಸೇರಿಸಬಹುದು, ಆದರೆ 24,000 ನಿನ್ನ ಪಗಾರದಿಂದ. ಅದನ್ನು ಉಳಿಸಲು ಹೋಗಬೇಡ. ಹೊರಗೆ ಹೊಸ ಪಾಲಿಸಿ ತಗೊಂಡರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಅಪ್ಪನ ಸಕ್ಕರೆ ಕಾಯಿಲೆ ಅಷ್ಟು ದಿನ ಕಾಯುತ್ತದೆಯೇ?

ಹಾಳೆಯಲ್ಲಿ ಹಾಕಲು ಆಗದ್ದು

ಪುಣೆಯಲ್ಲಿ ಐದು ಆಕ್ಸಿಸ್ ಮಷೀನ್ ಮೇಲೆ ಕೆಲಸ. ಬೆಳಗಾವಿಯಲ್ಲಿ ಈಗ ಮಾಡುತ್ತಿರುವುದನ್ನೇ ದೊಡ್ಡ ಮಟ್ಟದಲ್ಲಿ ಮಾಡುತ್ತೀಯ. ನಿನಗೆ ಇನ್ನೂ 27. ಎರಡನೇ ವರ್ಷ ಸುಮಾರು 39,000 ಕಡಿಮೆ ಆದರೂ ಆ ಕಲಿಕೆಗೆ ಬೆಲೆ ಇದೆ ಅನ್ನಿಸಿದರೆ ಹೋಗು, ನಾನು ತಡೆಯುವುದಿಲ್ಲ. ಜಾಸ್ತಿ ದುಡ್ಡಿಗೆ ಅಂತ ಮಾತ್ರ ಹೋಗಬೇಡ, ದುಡ್ಡು ಜಾಸ್ತಿ ಇಲ್ಲ. ಅಪ್ಪನನ್ನು ಪ್ರತಿ ತಿಂಗಳು ಬೆಳಗಾವಿಗೆ ತೋರಿಸಲು ಕರೆತರುವುದು ನೀನು. ಅದನ್ನು ನಾನು ಬಾಗಲಕೋಟೆಯಿಂದ ನೋಡಿಕೊಳ್ಳುತ್ತೇನೆ, ಅದರ ಚಿಂತೆ ಬಿಡು.

ಪುಣೆಯವರಿಗೆ ಸಹಿ ಮಾಡುವ ಮೊದಲು ಮೂರು ಮಾತು ಕೇಳು. ಹೋದ ಮೂರು ವರ್ಷ ವೇರಿಯೆಬಲ್ ಎಷ್ಟು ಶೇಕಡಾ ಕೊಟ್ಟಿದ್ದೀರಿ? ನೋಟಿಸ್ ಕಡಿತದ 45,000 ನೀವು ಕೊಡುತ್ತೀರಾ? 1,26,000ದಲ್ಲಿ 60,000 ತೆಗೆದು ಫಿಕ್ಸೆಡ್‌ಗೆ ಹಾಕಲು ಆಗುತ್ತದೆಯೇ? ಸಿಟಿಸಿ ಅಷ್ಟೇ ಇರುತ್ತದೆ, ಹಾಗಾಗಿ ಒಪ್ಪಲೂಬಹುದು. ಒಪ್ಪಿದರೆ ಎರಡನೇ ವರ್ಷದ ವ್ಯತ್ಯಾಸ 9,240ಕ್ಕೆ ಇಳಿಯುತ್ತದೆ, ಆಗ ನಾನೇ ಪುಣೆ ಅನ್ನುತ್ತೇನೆ. ಉತ್ತರ ಮೇಲ್‌ನಲ್ಲಿ ಬರಲಿ, ಫೋನ್ ಮಾತು ಬೇಡ.

ಅವರಿಗೆ ಬುಧವಾರದೊಳಗೆ ಹೇಳಬೇಕು ಅಲ್ವಾ? ಸೋಮವಾರ ಬೆಳಗ್ಗೆಯೇ ಮೇಲ್ ಹಾಕು. ಭಾನುವಾರ ಊಟ ಆದಮೇಲೆ ಫೋನ್ ಮಾಡು, ಹಾಳೆ ತೆರೆದಿಟ್ಟುಕೊಂಡು ಕೂತಿರುತ್ತೇನೆ.