ತದಡಿ ಐಸ್ ಪ್ಲಾಂಟ್ ಚಾವಣಿ ಸೋಲಾರ್: ಕಾರ್ಯಸಾಧ್ಯತಾ ವರದಿ

ಮಾಲೀಕರಿಗೆ,

ನೀವು ಕೇಳಿದ್ದು 75 ಕಿಲೋವ್ಯಾಟ್. ನಮ್ಮ ಸಲಹೆ 46 ಕಿಲೋವ್ಯಾಟ್, ಅದೂ ದೊಡ್ಡ ಶೆಡ್ಡಿನ ದಕ್ಷಿಣದ ಇಳಿಜಾರಿನಲ್ಲಿ ಮಾತ್ರ. ಪ್ಯಾನೆಲ್ಲಿನ ತೂಕ ಇಲ್ಲಿ ದೊಡ್ಡ ವಿಷಯವಲ್ಲ. ಗಾಳಿ ಮತ್ತು ತುಕ್ಕು ದೊಡ್ಡ ವಿಷಯ.

ಚಾವಣಿ

ದೊಡ್ಡ ಶೆಡ್ 40.5 ಮೀ. ಉದ್ದ, 18 ಮೀ. ಅಗಲ. 4.5 ಮೀಟರಿಗೊಂದು ಕಬ್ಬಿಣದ ಟ್ರಸ್, ಮೇಲೆ 0.5 ಮಿ.ಮೀ. ಕಲರ್ ಶೀಟ್, ಇಳಿಜಾರು 12 ಡಿಗ್ರಿ. ಪಕ್ಕದ ಹಳೇ ಶೆಡ್ಡಿಗೆ ಸಿಮೆಂಟ್ ಶೀಟ್ ಇದೆ. ಅದರ ಮೇಲೆ ಕಾಲಿಡುವುದೇ ಅಪಾಯ, ಸೋಲಾರ್ ಮಾತು ಅಲ್ಲಿಗೇ ಬಿಡೋಣ.

550 ವ್ಯಾಟಿನ ಒಂದು ಪ್ಯಾನೆಲ್ ಸುಮಾರು 28 ಕೆ.ಜಿ. ರೈಲು, ಕ್ಲಾಂಪ್ ಸೇರಿಸಿದರೆ ಚದರ ಮೀಟರಿಗೆ 15 ಕೆ.ಜಿ. ಬರುತ್ತದೆ. ಈ ಇಳಿಜಾರಿನ ಶೀಟ್ ಚಾವಣಿಗೆ ಭಾರತೀಯ ಮಾನದಂಡ IS 875 ಹೇಳುವ ಲೈವ್ ಲೋಡ್, ಅಂದರೆ ಓಡಾಟ-ರಿಪೇರಿಗೆಂದು ಹಿಡಿಯುವ ಭಾರ, ಚದರ ಮೀಟರಿಗೆ ಸುಮಾರು 71 ಕೆ.ಜಿ. ಟ್ರಸ್ಸುಗಳನ್ನು ಲೆಕ್ಕ ಹಾಕಿ ನೋಡಿದ್ದೇವೆ, ಹೊಸ ಭಾರ ಹೊರುತ್ತವೆ.

ಗಾಳಿಯ ಕಥೆ ಬೇರೆ. ನಮ್ಮ ಕರಾವಳಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಎಂದು ಹಿಡಿದಿದ್ದೇವೆ. ಎದುರಿಗೇ ಅಳಿವೆ, ತಡೆಯುವ ಮರ-ಕಟ್ಟಡ ಇಲ್ಲ. ಆಗ ಒತ್ತಡ ಚದರ ಮೀಟರಿಗೆ ಸುಮಾರು 100 ಕೆ.ಜಿ.ಗೆ ಹೋಗುತ್ತದೆ. ಜೋರು ಗಾಳಿಯಲ್ಲಿ ಚಾವಣಿಯನ್ನು ಮೇಲಕ್ಕೆತ್ತುವ ಬಲ ಇದರ ಹತ್ತಿರ ಬರುತ್ತದೆ, ಅಂಚಿನಲ್ಲಿ ಇನ್ನೂ ಜಾಸ್ತಿ. 15 ಕೆ.ಜಿ. ತೂಕ ಇದನ್ನು ಹಿಡಿದಿಡುವುದಿಲ್ಲ. ಹಾಗಾಗಿ ಕ್ಲಾಂಪನ್ನು ಶೀಟಿಗೆ ಕೂರಿಸಲೇಬಾರದು, ಶೀಟಿನ ಕೆಳಗೆ ಟ್ರಸ್ಸಿನಿಂದ ಟ್ರಸ್ಸಿಗೆ ಹೋಗುವ ಅಡ್ಡಪಟ್ಟಿಗೇ, ಅಂದರೆ ಪರ್ಲಿನ್ನಿಗೇ ಬಿಗಿಯಬೇಕು. ಅಂಚು ಮತ್ತು ಚಾವಣಿಯ ನೆತ್ತಿಯ ಮೋಂತಿನಿಂದ ಒಂದು ಮೀಟರ್ ಬಿಡಬೇಕು. ಸಮುದ್ರದ ಕಡೆಯ ಮೊದಲ ಅಂಕಣವನ್ನು ಪೂರ್ತಿ ಖಾಲಿ ಇಡಬೇಕು.

ಪರ್ಲಿನ್ನುಗಳ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಲ್ಲಿ ಅಳೆದೆವು. ಮೂಲ ದಪ್ಪ 2.5 ಮಿ.ಮೀ. ಹೆಚ್ಚಿನ ಕಡೆ 2.3 ಉಳಿದಿದೆ. ಸಮುದ್ರದ ಕಡೆಯ ಎರಡು ಅಂಕಣಗಳಲ್ಲಿ ಮಾತ್ರ 1.6ಕ್ಕೆ ಇಳಿದಿದೆ. ಹೊರಗಿನಿಂದ ಬಣ್ಣ ಚೆಂದವೇ ಇದೆ, ಕೆಳಗೆ ಸಿಪ್ಪೆ ಏಳುತ್ತಿದೆ. ಈ ಎರಡು ಅಂಕಣಗಳ ಪರ್ಲಿನ್ ಬದಲಿಸದೆ ಕೆಲಸ ಶುರು ಮಾಡಬೇಡಿ.

ಹೀಗೆ ಜಾಗ ಬಿಟ್ಟ ಮೇಲೆ ಮೂರು ಸಾಲಿನಲ್ಲಿ 84 ಪ್ಯಾನೆಲ್ ಕೂರುತ್ತವೆ, ಅಂದರೆ 46.2 ಕಿಲೋವ್ಯಾಟ್. ಉಪ್ಪುಗಾಳಿ ಪರೀಕ್ಷೆ (IEC 61701) ಮತ್ತು ಅಮೋನಿಯಾ ಪರೀಕ್ಷೆ (IEC 62716) ಪಾಸಾದ ಪ್ಯಾನೆಲ್ಲನ್ನೇ ಕೇಳಿ. ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಇರಲಿ. ಅಮೋನಿಯಾ ತಾಮ್ರವನ್ನು ತಿನ್ನುತ್ತದೆ, ಅದು ನಿಮಗೇ ಗೊತ್ತು. ಆದ್ದರಿಂದ ಇನ್ವರ್ಟರ್ ಕಂಪ್ರೆಸರ್ ರೂಮಿನಲ್ಲಿ ಬೇಡ, ಆಫೀಸಿನ ಹಿಂದಿನ ಕೋಣೆಗೆ ಹಾಕೋಣ.

ವಿದ್ಯುತ್ ಲೋಡ್

ಹೆಸ್ಕಾಂ ಮಂಜೂರು ಮಾಡಿರುವ ಲೋಡ್ 75 ಕಿಲೋವ್ಯಾಟ್. 50 ಎಚ್‌ಪಿಯ ಎರಡು ಕಂಪ್ರೆಸರ್, ನೀರಿನ ಪಂಪುಗಳು, ಬ್ರೈನ್ ಟ್ಯಾಂಕಿನ ಅಜಿಟೇಟರ್, ಐಸ್ ಕ್ರಷರ್ ಇವೆ. ಸೀಸನ್ನಿನಲ್ಲಿ ಒಂದು ವಾರ ಲಾಗರ್ ಇಟ್ಟಾಗ ಹಗಲಿನ ಲೋಡ್ 38ರಿಂದ 62 ಕಿಲೋವ್ಯಾಟ್ ನಡುವೆ ಓಡಾಡಿತು. 40 ಕಿಲೋವ್ಯಾಟಿನ ಇನ್ವರ್ಟರ್ ಕೊಡುವ ಕರೆಂಟು ಹೆಚ್ಚುಕಡಿಮೆ ಪೂರ್ತಿ ಒಳಗೇ ಖರ್ಚಾಗುತ್ತದೆ.

ವರ್ಷಕ್ಕೆ ಸುಮಾರು 62,000 ಯೂನಿಟ್ ಅಂದಾಜು. ಮಳೆಗಾಲದಲ್ಲಿ ಉತ್ಪಾದನೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ನಿಮ್ಮ ಪ್ಲಾಂಟೂ ಆಗ ಬಹುತೇಕ ಬಂದ್ ಅಲ್ವಾ? ಆ ಎರಡು ತಿಂಗಳ ಸುಮಾರು 7,000 ಯೂನಿಟ್ಟಿಗಾಗಿಯೇ ಹೊರಗೆ ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರ್ ಬೇಕು.

ಯಾವ ಕೊಟೇಶನ್ನಿನಲ್ಲೂ ಕಾಣದ ಒಂದು ತೊಂದರೆ ಇದೆ: ಪವರ್ ಫ್ಯಾಕ್ಟರ್, ಅಂದರೆ ಎಳೆದ ಒಟ್ಟು ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು. ಈಗ 55 ಕಿಲೋವ್ಯಾಟ್ ಎಳೆಯುವಾಗ ಅದು 0.92. ಸೋಲಾರ್ 36 ಕೊಟ್ಟರೆ ಮೀಟರಿನಲ್ಲಿ ಕಾಣುವುದು 19 ಮಾತ್ರ. ಮೋಟಾರುಗಳ ಕಾಂತಕ್ಷೇತ್ರಕ್ಕೆ ಬೇಕಾದ, ಕೆಲಸ ಮಾಡದ ಸುಮಾರು 23 ಕೆವಿಎಆರ್ ರಿಯಾಕ್ಟಿವ್ ಪವರ್ ಹಾಗೇ ಇರುತ್ತದೆ, ಪವರ್ ಫ್ಯಾಕ್ಟರ್ 0.63ಕ್ಕೆ ಬೀಳುತ್ತದೆ. ಉಳಿಸಿದ್ದರಲ್ಲಿ ಒಂದು ಪಾಲು ದಂಡಕ್ಕೆ ಹೋದೀತು. 20 ಕೆವಿಎಆರ್ ಆಟೋಮ್ಯಾಟಿಕ್ ಕೆಪಾಸಿಟರ್ ಪ್ಯಾನೆಲ್ ಸೇರಿಸಿ, ಅದಕ್ಕೆ ಕರೆಂಟ್ ಅಳೆದು ಕೊಡುವ ಸಿಟಿಯನ್ನು ಹೆಸ್ಕಾಂ ಕಡೆಗೆ ಹಾಕಿಸಿ.

ಕರೆಂಟು ಹೋದಾಗ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಡೀಸೆಲ್ ಜನರೇಟರ್ ಓಡುವಾಗ ಸೋಲಾರ್ ಸೇರದಂತೆ ಇಂಟರ್‌ಲಾಕ್ ಹಾಕಬೇಕು. ಸಣ್ಣ ಲೋಡಿನಲ್ಲಿ ಸೋಲಾರ್ ಕರೆಂಟು ಜನರೇಟರಿಗೇ ತಿರುಗಿ ನುಗ್ಗಬಹುದು.

ಖರ್ಚು

ಸೋಲಾರಿಗೆ 22 ಲಕ್ಷ, ಪರ್ಲಿನ್ ಮತ್ತು ಬಣ್ಣಕ್ಕೆ 1.8 ಲಕ್ಷ, ಕೆಪಾಸಿಟರ್ ಹಾಗೂ ಇಂಟರ್‌ಲಾಕಿಗೆ 1.2 ಲಕ್ಷ. ಒಟ್ಟು 25 ಲಕ್ಷ. ನಿಮ್ಮ ಬಿಲ್ಲಿನ ಸರಾಸರಿ ಯೂನಿಟ್ಟಿಗೆ ₹7 ಹಿಡಿದರೆ ವರ್ಷಕ್ಕೆ ₹4.3 ಲಕ್ಷ ಉಳಿಯುತ್ತದೆ. ಹಾಕಿದ ಹಣ ಆರು ವರ್ಷದೊಳಗೆ ವಾಪಸ್. ಉತ್ತರದ ಇಳಿಜಾರನ್ನೂ ತುಂಬಿದರೆ ಬಿಸಿಲೂ ಕಡಿಮೆ, ಹೆಚ್ಚಿನದು ಹೊರಗೆ ಹೋಗುತ್ತದೆ. ಅದಕ್ಕೇ 75 ಬೇಡ ಎಂದದ್ದು.

ಪರ್ಲಿನ್ ಕೆಲಸವನ್ನು ನಿಷೇಧದ ಅವಧಿಗೆ ಕಾಯಿಸಬೇಡಿ. ಮಳೆಯಲ್ಲಿ ವೆಲ್ಡಿಂಗ್, ಬಣ್ಣ ಎರಡೂ ಆಗುವುದಿಲ್ಲ. ಏಪ್ರಿಲ್ ಒಳಗೆ ಮುಗಿಸಿ. ಹೆಸ್ಕಾಂ ಅರ್ಜಿಯನ್ನು ಈಗಲೇ ಹಾಕಬಹುದು, ಸಿಂಗಲ್ ಲೈನ್ ನಕ್ಷೆ ಈ ವರದಿಯ ಜೊತೆಗಿದೆ.